ಉಗುರಿನ ಗುಳಿ, ಗೆರೆ, ಕಪ್ಪು ಪಟ್ಟಿ: ಮನೆಯಲ್ಲಿ ನೋಡಿ ತಿಳಿಯುವುದು ಹೇಗೆ, ಡಾಕ್ಟರ ಹತ್ತಿರ ಹೋಗುವುದು ಯಾವಾಗ

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ನನ್ನ ಕ್ಲಿನಿಕ್‌ಗೆ ಕುಂದಾಪುರದ ಕಡೆಯವರೊಬ್ಬರು ಬಂದರು. ವಯಸ್ಸು 41. ಇಲ್ಲಿಯ ಒಂದು ಉಡುಪಿ ಹೋಟೆಲ್‌ನಲ್ಲಿ ಅಡುಗೆ ಭಟ್ಟರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಖಾಲಿ ಮಾತ್ರೆ ಪಟ್ಟಿಗಳು. "ಹನ್ನೊಂದು ತಿಂಗಳಿಂದ ಫಂಗಸ್ ಮಾತ್ರೆ ತಗೊಳ್ತಾ ಇದ್ದೇನೆ ಡಾಕ್ಟ್ರೇ, ಉಗುರು ಮಾತ್ರ ಹಾಗೇ ಉಂಟು" ಅಂದರು.

ಕೈ ಮೇಜಿನ ಮೇಲೆ ಇಡಿಸಿ ನೋಡಿದೆ. ಏಳು ಉಗುರುಗಳ ಮೇಲೆ ಸಣ್ಣ ಸಣ್ಣ ಗುಳಿಗಳು. ಇನ್ನೂ ಮೆತ್ತಗಿರುವ ಮೇಣದ ಮೇಲೆ ರವೆ ಕಾಳು ಒತ್ತಿ ತೆಗೆದರೆ ಹೇಗೆ ಗುರುತು ಉಳಿಯುತ್ತದೋ ಹಾಗೆ. ಎರಡು ಉಗುರು ತುದಿಯಲ್ಲಿ ಎದ್ದು, ಒಳಗೆ ಗಾಳಿ ಹೋಗಿ ಬೆಳ್ಳಗಾಗಿದ್ದವು. ಆಮೇಲೆ ಚಪ್ಪಲಿ ಬಿಚ್ಚಿಸಿ ಕಾಲು ನೋಡಿದೆ. ಹತ್ತೂ ಉಗುರು ಸ್ವಚ್ಛ. ಅಲ್ಲಿಗೆ ನನಗೆ ಅನುಮಾನ ಶುರುವಾಯಿತು. ಇದು ಫಂಗಸ್ ಅಲ್ಲ.

ಅವರಿಗೆ ಇದ್ದದ್ದು ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ. ಉಗುರಿನಲ್ಲಿ ಮಾತ್ರ ಅಲ್ಲ, ಬೆರಳಿನ ಗಂಟಿನೊಳಗೂ ಹೋಗಿತ್ತು. ಅವರ ಉಗುರನ್ನು ನಾನು ಹೇಗೆ ನೋಡಿದೆನೋ ಅದೇ ಕ್ರಮದಲ್ಲಿ ನೀವೂ ನಿಮ್ಮ ಉಗುರು ನೋಡಿಕೊಳ್ಳಬಹುದು. ಅದನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಹಂತ 1: ಉಗುರನ್ನು ನೋಡುವ ಮೊದಲು

ಉಗುರು ಬಣ್ಣ ಪೂರ್ತಿ ತೆಗೆಯಿರಿ. ಕೈ ತೊಳೆದು ಒರೆಸಿ ಐದು ನಿಮಿಷ ಬಿಡಿ, ಒದ್ದೆ ಉಗುರಿನಲ್ಲಿ ಗುಳಿ ಸರಿಯಾಗಿ ಕಾಣುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಬೇಡ, ಹಗಲು ಹೊತ್ತು ಕಿಟಕಿ ಪಕ್ಕ ಕೂತುಕೊಳ್ಳಿ. ಬೆರಳನ್ನು ಓರೆಯಾಗಿ ಹಿಡಿದು, ಬೆಳಕು ಉಗುರಿನ ಮೇಲೆ ಜಾರಿ ಹೋಗುವ ಹಾಗೆ ಮೆಲ್ಲಗೆ ತಿರುಗಿಸಿ. ಗುಳಿ, ಗೆರೆ ಎಲ್ಲ ನೆರಳಿನಿಂದ ಎದ್ದು ಕಾಣುತ್ತವೆ. ಕಾಲು ಬಿಡಬೇಡಿ, ಇಪ್ಪತ್ತೂ ಉಗುರು ನೋಡಿ.

ಮೊಬೈಲ್‌ನಲ್ಲಿ ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಮೂರು ತಿಂಗಳ ನಂತರ ಅದೇ ಜಾಗದಲ್ಲಿ, ಅದೇ ಬೆಳಕಲ್ಲಿ ತೆಗೆದ ಇನ್ನೊಂದು ಫೋಟೋ ಜೊತೆ ಹೋಲಿಸಬಹುದು. ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಹಂತ 2: ಉಗುರು ಎಲ್ಲಿ ಹುಟ್ಟುತ್ತದೆ ಅಂತ ತಿಳಿದುಕೊಳ್ಳಿ

ನಮಗೆ ಕಾಣುವ ಉಗುರು ಜೀವ ಇಲ್ಲದ್ದು. ಅದನ್ನು ತಯಾರು ಮಾಡುವ ಬೇರು ಬುಡದ ಚರ್ಮದ ಒಳಗೆ ಅಡಗಿರುತ್ತದೆ. ಹೆಬ್ಬೆರಳಿನಲ್ಲಿ ಬಿಳಿ ಅರ್ಧಚಂದ್ರ ಕಾಣುತ್ತದಲ್ಲ, ಅದು ಆ ಬೇರಿನ ಮುಂದಿನ ತುದಿ. ಬೇರಿನ ಹಿಂಭಾಗ ಉಗುರಿನ ಮೇಲ್ಪದರ ಮಾಡುತ್ತದೆ, ಮುಂಭಾಗ ಕೆಳಪದರ ಮಾಡುತ್ತದೆ.

ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಕಾಲಿನದು ಅದರ ಅರ್ಧಕ್ಕಿಂತ ಕಡಿಮೆ. ಅಂದರೆ ಕೈ ಉಗುರು ಬುಡದಿಂದ ತುದಿಗೆ ಬರಲು ಸುಮಾರು ಆರು ತಿಂಗಳು, ಕಾಲಿನ ಹೆಬ್ಬೆರಳಿಗೆ ಒಂದರಿಂದ ಒಂದೂವರೆ ವರ್ಷ. ಹಾಗಾಗಿ ಇವತ್ತು ಉಗುರಿನ ಮಧ್ಯದಲ್ಲಿ ಕಾಣುವ ಗುರುತು ಬೇರಿನಲ್ಲಿ ಕೆಲವು ತಿಂಗಳ ಹಿಂದೆಯೇ ಬಿದ್ದಿರುತ್ತದೆ. ಔಷಧಿ ಕೆಲಸ ಮಾಡಿದರೂ ಹಳೇ ಗುರುತು ಬೆಳೆದು ಮುಂದೆ ಹೋಗುವವರೆಗೆ ಕಾಯಲೇಬೇಕು. ಹದಿನೈದು ದಿನಕ್ಕೆ ಉಗುರು ಸರಿ ಮಾಡುತ್ತೇವೆ ಅನ್ನುವವರನ್ನು ನಂಬಬೇಡಿ.

ಈಗ ಮೂರು ವಿಷಯ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಷ್ಟು ಬೆರಳಿನಲ್ಲಿದೆ? ಗುರುತು ಉದ್ದಕ್ಕೆ ಇದೆಯೋ, ಅಡ್ಡಕ್ಕೆ ಇದೆಯೋ, ಚುಕ್ಕೆಯೋ? ಉಗುರು ಬೆಳೆದ ಹಾಗೆ ಅದು ಮುಂದೆ ಸರಿಯುತ್ತದೋ, ಅಲ್ಲೇ ನಿಲ್ಲುತ್ತದೋ? ನಾವು ಡಾಕ್ಟರುಗಳೂ ಮೊದಲು ಕೇಳಿಕೊಳ್ಳುವುದು ಇದನ್ನೇ.

ಹಂತ 3: ಗುಳಿ ಇದ್ದರೆ

ಒಂದೋ ಎರಡೋ ಗುಳಿ ಯಾರಿಗೆ ಬೇಕಾದರೂ ಇರಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಹಲವು ಉಗುರುಗಳಲ್ಲಿ, ಒಂದೊಂದರಲ್ಲೂ ಹತ್ತಾರು ಗುಳಿ ಇದ್ದರೆ ಬೇರಿನ ಹಿಂಭಾಗದಲ್ಲಿ ಏನೋ ನಡೆದಿದೆ ಅಂತ ಅರ್ಥ. ಸೋರಿಯಾಸಿಸ್‌ನಲ್ಲಿ ಅಲ್ಲಿ ಕೆಲವು ಕಡೆ ಕಣಗಳು ಸರಿಯಾಗಿ ಬಲಿಯದೆ ಮೇಲ್ಪದರ ಸೇರುತ್ತವೆ. ಉಗುರು ಹೊರಗೆ ಬಂದಾಗ ಆ ಜಾಗ ಪುಡಿಯಾಗಿ ಉದುರಿ ಗುಳಿ ಉಳಿಯುತ್ತದೆ.

ಗುಳಿಯ ಆಕಾರ ನೋಡಿ. ಆಳವಾಗಿ, ದೊಡ್ಡದು ಚಿಕ್ಕದು ಬೆರೆತು, ಹೇಗೆ ಬೇಕೋ ಹಾಗೆ ಚೆಲ್ಲಿದಂತಿದ್ದರೆ ಸೋರಿಯಾಸಿಸ್ ಕಡೆಗೆ ಯೋಚನೆ ಹೋಗುತ್ತದೆ. ತೀರ ಸಣ್ಣದಾಗಿ, ಹೆಚ್ಚು ಆಳವಿಲ್ಲದೆ, ಹೊಲಿಗೆ ಹಾಕಿದ ಹಾಗೆ ಸಾಲು ಸಾಲಾಗಿದ್ದರೆ ತಲೆಯಲ್ಲಿ, ಗಡ್ಡದಲ್ಲಿ ನಾಣ್ಯದಗಲ ಕೂದಲು ಉದುರಿದೆಯಾ ನೋಡಿ. ಇಲ್ಲಿ ಮರಾಠಿಯವರು ಅದಕ್ಕೆ 'ಚಾಯಿ' ಅನ್ನುತ್ತಾರೆ, ಡಾಕ್ಟರು ಅಲೋಪೇಶಿಯಾ ಏರಿಯಾಟಾ ಅನ್ನುತ್ತಾರೆ. ಬೆರಳಿನ ತುದಿಯಲ್ಲಿ ತುಂಬ ದಿನದಿಂದ ಇಸುಬು ಇದ್ದರೂ ಗುಳಿ ಬೀಳುತ್ತದೆ. ಆದರೆ ಆಗ ಪಕ್ಕದ ಚರ್ಮ ಒಡೆದು ಕೆಂಪಾಗಿರುತ್ತದೆ, ಉಗುರೂ ಅಡ್ಡಾದಿಡ್ಡಿ ಒರಟಾಗಿರುತ್ತದೆ.

ಗುಳಿ ಜೊತೆಗೆ ಇನ್ನೆರಡು ಗುರುತು ಹುಡುಕಿ. ಉಗುರಿನ ಕೆಳಗೆ ಎಣ್ಣೆ ಹನಿ ಬಿದ್ದು ಹರಡಿದ ಹಾಗೆ ಹಳದಿ ಕೆಂಪು ಮಚ್ಚೆ ಇದೆಯಾ? ಎದ್ದು ಬಂದ ಉಗುರಿನ ಬಿಳಿ ಭಾಗದ ಸುತ್ತ ಅದೇ ಬಣ್ಣದ ಅಂಚು ಇದೆಯಾ? ನಮ್ಮ ಭಟ್ಟರಿಗೆ ಎರಡೂ ಇತ್ತು. ಮೂರೂ ಸೇರಿ ಬಂದರೆ ಸೋರಿಯಾಸಿಸ್ ಅಂತ ಹೇಳುವುದು ಕಷ್ಟವಲ್ಲ.

"ಮೈಮೇಲೆ ಎಲ್ಲೂ ಇಲ್ವಲ್ಲ ಡಾಕ್ಟ್ರೇ" ಅಂದರು ಅವರು. ಎಲ್ಲರೂ ಹಾಗೇ ಅನ್ನುತ್ತಾರೆ. ಸೋರಿಯಾಸಿಸ್ ಅಡಗಿಕೊಳ್ಳುವ ಜಾಗಗಳಿವೆ. ಕಿವಿ ಹಿಂದೆ, ತಲೆಯಲ್ಲಿ ಕೂದಲಿನ ಅಂಚು, ಹೊಕ್ಕುಳ, ಸೊಂಟದ ಕೆಳಗೆ ಪೃಷ್ಠದ ಸೀಳು, ಮೊಣಕೈ, ಮಂಡಿ. ಅವರ ಕಿವಿ ಹಿಂದೆ ಕೆಂಪು ಪಟ್ಟಿ, ಅದರ ಮೇಲೆ ಬಿಳಿ ಹೊಟ್ಟು. ತಲೆಹೊಟ್ಟು ಅಂತ ಮೂರು ವರ್ಷ ಶಾಂಪೂ ಹಾಕುತ್ತಿದ್ದರಂತೆ. ಹೊಕ್ಕುಳದಲ್ಲೂ ಅದೇ ಕೆಂಪು. ಕೆಲವರಿಗೆ ಮೈಮೇಲೆ ಏನೂ ಇಲ್ಲದೆ ಉಗುರಿನಲ್ಲಿ ಮಾತ್ರ ಬರುವುದೂ ಉಂಟು. ಸೋರಿಯಾಸಿಸ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಉಗುರು ಕೆಟ್ಟಿರುತ್ತದೆ.

ಹಂತ 4: ಫಂಗಸ್ ಅಂತ ಯಾರಾದರೂ ಹೇಳಿದರೆ ಮೊದಲು ಪರೀಕ್ಷೆ

ನಾನು ತುಂಬ ಒತ್ತಿ ಹೇಳಬೇಕಾದ ಮಾತು ಇದು. ಉಗುರು ದಪ್ಪವಾಗಿ, ಎದ್ದು, ಹಳದಿಯಾದರೆ ಅದೆಲ್ಲ ಫಂಗಸ್ ಅಲ್ಲ. ಹಾಗೆ ಕೆಟ್ಟ ಉಗುರುಗಳಲ್ಲಿ ಹೆಚ್ಚುಕಡಿಮೆ ಅರ್ಧದಲ್ಲಿ ಮಾತ್ರ ಫಂಗಸ್ ಸಿಗುತ್ತದೆ. ಫಂಗಸ್ ಸಾಮಾನ್ಯವಾಗಿ ಕಾಲಿನಿಂದ ಶುರುವಾಗುತ್ತದೆ, ತುದಿಯಿಂದಲೋ ಪಕ್ಕದಿಂದಲೋ ಒಳಗೆ ಹೋಗುತ್ತದೆ, ಒಂದೆರಡು ಉಗುರಿನಲ್ಲೇ ಇರುತ್ತದೆ. ಕಾಲು ಸ್ವಚ್ಛ ಇದ್ದು ಏಳು ಕೈ ಉಗುರು ಕೆಟ್ಟಿವೆ ಅಂದರೆ ಫಂಗಸ್ ಮೇಲೆ ಅನುಮಾನ ಕಡಿಮೆ. ಈ ಚೆಲ್ಲಿದ ಗುಳಿಗಳನ್ನು ಫಂಗಸ್ ಮಾಡುವುದಿಲ್ಲ.

ಹಾಗಂತ ಕಣ್ಣಂದಾಜಿಗೆ ಬಿಡುವುದೂ ಸರಿಯಲ್ಲ. ಯಾಕೆಂದರೆ ಸೋರಿಯಾಸಿಸ್ ಉಗುರಿನಲ್ಲಿ ಫಂಗಸ್ ಬಂದು ಸೇರಿಕೊಳ್ಳಬಹುದು. ಕೆಒಎಚ್ ಅನ್ನುವ ಪರೀಕ್ಷೆ ಇದೆ. ಉಗುರಿನ ಪುಡಿಯನ್ನು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ ಮೈಕ್ರೋಸ್ಕೋಪ್ ಕೆಳಗೆ ಫಂಗಸ್‌ನ ಎಳೆ ಹುಡುಕುತ್ತಾರೆ. ಖರ್ಚು ಹೆಚ್ಚಿಲ್ಲ. ಆದರೆ ಪುಡಿ ತೆಗೆಯುವ ಜಾಗ ತಪ್ಪಿದರೆ ರಿಪೋರ್ಟ್ ಸುಳ್ಳಾಗುತ್ತದೆ. ಉಗುರಿನ ತುದಿಯನ್ನು ಮಾತ್ರ ಕತ್ತರಿಸಿ ಕೊಟ್ಟರೆ ಅಲ್ಲಿ ಸತ್ತ ಫಂಗಸ್ ಮತ್ತು ಕೊಳೆ ಮಾತ್ರ ಇರಬಹುದು. ಎದ್ದ ಭಾಗವನ್ನು ಕತ್ತರಿಸಿ ತೆಗೆದು, ಒಳ್ಳೆಯ ಉಗುರು ಶುರುವಾಗುವ ಅಂಚಿನಲ್ಲಿ ಕೆಳಗಿನಿಂದ ಕೆರೆದು ಪುಡಿ ತೆಗೆಯಬೇಕು. ಫಂಗಸ್ ಔಷಧಿ ಹಚ್ಚುತ್ತಿದ್ದರೆ, ಮಾತ್ರೆ ತಿನ್ನುತ್ತಿದ್ದರೆ ಅದನ್ನು ಮೊದಲೇ ಹೇಳಿ. ಎಷ್ಟು ವಾರ ನಿಲ್ಲಿಸಿ ಬರಬೇಕು ಅಂತ ಡಾಕ್ಟರು ಹೇಳುತ್ತಾರೆ. ಕೆಒಎಚ್‌ನಲ್ಲಿ ಏನೂ ಸಿಗದೆ ಅನುಮಾನ ಉಳಿದರೆ, ಉಗುರಿನ ಚೂರಿಗೆ ಪಿಎಎಸ್ ಅನ್ನುವ ಬಣ್ಣ ಹಾಕಿ ನೋಡುವ ಪರೀಕ್ಷೆ ಇದೆ.

ಭಟ್ಟರು ತಿನ್ನುತ್ತಿದ್ದದ್ದು ಟರ್ಬಿನಾಫಿನ್ 250 ಮಿಲಿಗ್ರಾಂ. ಫಂಗಸ್ ಇದೆ ಅಂತ ಖಾತ್ರಿಯಾದಾಗ ಅದು ಒಳ್ಳೆಯ ಔಷಧಿ. ಕೈ ಉಗುರಿಗೆ ಸಾಮಾನ್ಯವಾಗಿ 6 ವಾರ, ಕಾಲಿನ ಉಗುರಿಗೆ 12 ವಾರ ಕೊಡುತ್ತೇವೆ. ಅವರು ಅಂಗಡಿಯಲ್ಲಿ ಕೇಳಿ ತಗೊಂಡು, ಬಿಟ್ಟು ಬಿಟ್ಟು ಹನ್ನೊಂದು ತಿಂಗಳು ತಿಂದಿದ್ದರು. ಒಂದು ಸಲವೂ ಲಿವರ್ ಪರೀಕ್ಷೆ ಮಾಡಿಸಿರಲಿಲ್ಲ. ನಾನು ಮಾತ್ರೆ ನಿಲ್ಲಿಸಿ, ಲಿವರ್ ಪರೀಕ್ಷೆ ಮಾಡಿಸಿ, ಕೆಲವು ವಾರದ ನಂತರ ಪುಡಿ ತೆಗೆದು ಎರಡೂ ಪರೀಕ್ಷೆಗೆ ಕಳಿಸಿದೆ. ಫಂಗಸ್ ಇರಲಿಲ್ಲ. ಲಿವರ್‌ಗೂ ಏನೂ ಆಗಿರಲಿಲ್ಲ.

ಹಂತ 5: ಗುಳಿ ಇದ್ದವರು ಬೆರಳಿನ ಗಂಟು ನೋಡಿಕೊಳ್ಳಲೇಬೇಕು

ಉಗುರಿನ ಬೇರಿಗೂ ಬೆರಳಿನ ಕೊನೆಯ ಗಂಟಿಗೂ ನಡುವೆ ಜಾಸ್ತಿ ದೂರ ಇಲ್ಲ. ಬೆರಳನ್ನು ನೇರ ಮಾಡುವ ಸ್ನಾಯುವಿನ ಹುರಿ ಆ ಕೊನೆಯ ಎಲುಬಿಗೆ ಬಂದು ಅಂಟುತ್ತದೆ, ಅದರ ಎಳೆಗಳು ಉಗುರಿನ ಬೇರಿನ ಸುತ್ತ ಹಬ್ಬಿಕೊಂಡಿರುತ್ತವೆ. ಒಂದರ ಉರಿ ಇನ್ನೊಂದಕ್ಕೆ ಹೋಗುವುದು ಹೀಗೆ. ಸೋರಿಯಾಸಿಸ್‌ನಿಂದ ಗಂಟು ಹಿಡಿದವರಲ್ಲಿ ಹತ್ತರಲ್ಲಿ ಸುಮಾರು ಎಂಟು ಜನಕ್ಕೆ ಉಗುರೂ ಕೆಟ್ಟಿರುತ್ತದೆ.

ಒಂದು ವಾರ ಬೆಳಿಗ್ಗೆ ಎದ್ದ ತಕ್ಷಣ ಗಡಿಯಾರ ನೋಡಿಕೊಳ್ಳಿ. ಬೆರಳು ಬಿಗಿದುಕೊಂಡಿದ್ದು ಸಡಿಲವಾಗಲು ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುತ್ತದಾ? ಕೆಲಸ ಮಾಡಿದ ಹಾಗೆ ನೋವು ಕಡಿಮೆಯಾಗಿ, ಸುಮ್ನೆ ಕೂತಾಗ ಮತ್ತೆ ಹಿಡಿಯುತ್ತದಾ? ಯಾವುದಾದರೂ ಒಂದು ಬೆರಳು ಬುಡದಿಂದ ತುದಿವರೆಗೆ ಬಾಳೆಹಣ್ಣಿನ ಹಾಗೆ ಊದಿಕೊಂಡಿದೆಯಾ? ಬೆಳಿಗ್ಗೆ ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚುತ್ತದಾ? ಇವುಗಳಲ್ಲಿ ಒಂದಿದ್ದರೂ ಡಾಕ್ಟರಿಗೆ ಹೇಳಿ.

ಭಟ್ಟರ ಬಲಗೈ ತೋರುಬೆರಳಿನ ಕೊನೆಯ ಗಂಟು ದಪ್ಪಗಾಗಿತ್ತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದರೆ ಐದೂಕಾಲಿನವರೆಗೆ ಸೌಟು ಹಿಡಿಯಲು ಆಗುತ್ತಿರಲಿಲ್ಲವಂತೆ. ಇಪ್ಪತ್ತು ವರ್ಷ ಕಾವಲಿ ಮುಂದೆ ನಿಂತದ್ದಕ್ಕೆ ಹೀಗಾಗಿದೆ ಅಂದುಕೊಂಡಿದ್ದರು. ಆರ್‌ಎ ಫ್ಯಾಕ್ಟರ್ ಅನ್ನುವ ರಕ್ತ ಪರೀಕ್ಷೆ ಮೊದಲೇ ಯಾರೋ ಮಾಡಿಸಿದ್ದರು, ಅದು ನೆಗೆಟಿವ್. "ರಕ್ತದಲ್ಲಿ ಏನೂ ಇಲ್ಲ, ವಾತ ಇಲ್ಲ" ಅಂತ ಕಳಿಸಿದ್ದರಂತೆ. ಸೋರಿಯಾಸಿಸ್ ಗಂಟು ನೋವಿನಲ್ಲಿ ಆ ಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಬರುತ್ತದೆ. ಅದೊಂದನ್ನು ನೋಡಿ ಕಾಯಿಲೆ ಇಲ್ಲ ಅನ್ನುವ ಹಾಗಿಲ್ಲ. ಕೈ ಎಕ್ಸ್‌ರೇ ತೆಗೆಸಿ ಗಂಟು ರೋಗದ ಡಾಕ್ಟರ ಹತ್ತಿರ, ಅಂದರೆ ರುಮಟಾಲಜಿಸ್ಟ್ ಹತ್ತಿರ ಕಳಿಸಿದೆ. ತಡ ಮಾಡಿದರೆ ಎಲುಬು ಸವೆದು ಬೆರಳು ಸೊಟ್ಟಗಾಗುತ್ತದೆ, ಆಮೇಲೆ ಅದನ್ನು ನೇರ ಮಾಡಲು ಆಗುವುದಿಲ್ಲ.

ಅವರಿಗೆ ಮೆಥೊಟ್ರೆಕ್ಸೇಟ್ ಶುರುವಾಯಿತು. ಇದು ವಾರಕ್ಕೆ ಒಂದೇ ದಿನ ತಗೊಳ್ಳುವ ಔಷಧಿ. ದಿನಾ ತಿಂದರೆ ಪ್ರಾಣಕ್ಕೇ ಅಪಾಯ. ನಾನು ಚೀಟಿಯಲ್ಲಿ ಕನ್ನಡದಲ್ಲಿ 'ಭಾನುವಾರ ಮಾತ್ರ' ಅಂತ ದಪ್ಪಗೆ ಬರೆದುಕೊಟ್ಟೆ. ಕುಡಿತ ಪೂರ್ತಿ ಬಿಡಬೇಕು, ರಕ್ತ ಪರೀಕ್ಷೆ ಆಗಾಗ ಮಾಡಿಸಬೇಕು. ಮಕ್ಕಳು ಬೇಕು ಅನ್ನುವವರು ಮೊದಲೇ ಡಾಕ್ಟರಿಗೆ ಹೇಳಬೇಕು, ಬಸುರಿಯರಿಗೆ ಇದು ಕೊಡುವ ಹಾಗೇ ಇಲ್ಲ.

ಅವರ ಒಂದು ಅಭ್ಯಾಸವನ್ನೂ ಬಿಡಿಸಿದೆ. ಉಗುರಿನ ಕೆಳಗೆ ಹಿಟ್ಟು ಸಿಕ್ಕಿಕೊಳ್ಳುತ್ತದೆ ಅಂತ ದಿನಾ ರಾತ್ರಿ ಕಡ್ಡಿ ಹಾಕಿ ಕೆರೆಯುತ್ತಿದ್ದರು. ಸೋರಿಯಾಸಿಸ್ ಇರುವ ಚರ್ಮಕ್ಕೆ ಪೆಟ್ಟು ಬಿದ್ದಲ್ಲೇ ಕಾಯಿಲೆ ಎದ್ದು ಬರುತ್ತದೆ. ಕೆರೆದಷ್ಟೂ ಉಗುರು ಇನ್ನಷ್ಟು ಏಳುತ್ತದೆ. ಉಗುರನ್ನು ಗಿಡ್ಡ ಕತ್ತರಿಸಿ, ಬ್ರಶ್‌ನಿಂದ ಮೆಲ್ಲಗೆ ತೊಳೆಯಲು ಹೇಳಿದೆ. ನೀರಿನ ಕೆಲಸಕ್ಕೆ ಒಳಗೆ ಹತ್ತಿಯ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್.

ಮೂರನೇ ತಿಂಗಳಿಗೆ ಬಂದಾಗ ಬುಡದಲ್ಲಿ ಸುಮಾರು 4 ಮಿಲಿಮೀಟರ್ ನುಣುಪಾದ ಉಗುರು ಬಂದಿತ್ತು, ಅದರ ಮುಂದೆ ಹಳೇ ಗುಳಿಗಳು. ಎರಡರ ನಡುವಿನ ಗೆರೆಯನ್ನು ಅವರೇ ಬೆರಳಿಂದ ಮುಟ್ಟಿ ನೋಡಿದರು. ಬೆಳಗಿನ ಬಿಗಿತ ಹತ್ತು ನಿಮಿಷಕ್ಕೆ ಇಳಿದಿತ್ತು.

ಹಂತ 6: ಗೆರೆ ಉದ್ದಕ್ಕೋ ಅಡ್ಡಕ್ಕೋ

ಬುಡದಿಂದ ತುದಿಗೆ ಹೋಗುವ ಸಣ್ಣ ಏರುಗೆರೆಗಳು ವಯಸ್ಸಾದ ಹಾಗೆ ಎಲ್ಲರಿಗೂ ಬರುತ್ತವೆ. ಮುಖದ ಸುಕ್ಕಿದ್ದ ಹಾಗೆ. ಕ್ಯಾಲ್ಸಿಯಂ ಕಡಿಮೆಯಾಗಿದೆ ಅಂತ ಮಾತ್ರೆ ತಿನ್ನುವವರನ್ನು ದಿನಾ ನೋಡುತ್ತೇನೆ. ಈ ಗೆರೆಗೆ ಕ್ಯಾಲ್ಸಿಯಂ ಬೇಕಿಲ್ಲ. ಆದರೆ ಉಗುರು ತೆಳುವಾಗಿ, ಗೆರೆಯ ಮೇಲೇ ಸೀಳುತ್ತಾ, ಬುಡದ ಚರ್ಮ ಉಗುರಿನ ಮೇಲೆ ಅಂಟಿಕೊಂಡು ಮುಂದೆ ಬರುತ್ತಿದ್ದರೆ ಅದು ಲೈಕನ್ ಪ್ಲಾನಸ್ ಅನ್ನುವ ಇನ್ನೊಂದು ಚರ್ಮದ ಕಾಯಿಲೆ ಇರಬಹುದು. ಅದು ಬೇರನ್ನೇ ಸುಟ್ಟು ಗಾಯದ ಕಲೆ ಮಾಡಿಬಿಡುತ್ತದೆ, ಆಮೇಲೆ ಅಲ್ಲಿ ಉಗುರು ಹುಟ್ಟುವುದಿಲ್ಲ. ಇದಕ್ಕೆ ತಿಂಗಳುಗಟ್ಟಲೆ ಕಾಯಬೇಡಿ. ಬಾಯಿಯೊಳಗೆ ಕೆನ್ನೆಯಲ್ಲಿ ಬಿಳಿ ಬಲೆಯಂಥ ಗೆರೆ ಇದೆಯಾ ಅಂತಲೂ ಕನ್ನಡಿಯಲ್ಲಿ ನೋಡಿಕೊಳ್ಳಿ.

ಅಡ್ಡ ಹಳ್ಳ ಬೇರೆ ಕಥೆ. ಜೋರು ಜ್ವರ, ದೊಡ್ಡ ಆಪರೇಶನ್, ಕೀಮೋ ಆದಾಗ ಬೇರು ಕೆಲವು ದಿನ ಕೆಲಸ ನಿಲ್ಲಿಸುತ್ತದೆ. ಆಗ ಬಿದ್ದ ಹಳ್ಳ ಎಲ್ಲ ಬೆರಳಲ್ಲೂ ಒಂದೇ ಮಟ್ಟದಲ್ಲಿ ಮುಂದೆ ಸರಿಯುತ್ತದೆ. 1846ರಲ್ಲಿ ಬೋ ಎಂಬ ಫ್ರೆಂಚ್ ಡಾಕ್ಟರು ಇದನ್ನು ಬರೆದಿಟ್ಟರು, ಈಗಲೂ ಅವರ ಹೆಸರಲ್ಲೇ ಕರೆಯುತ್ತೇವೆ. ಲೆಕ್ಕ ಸುಲಭ. ಹಳ್ಳ ಬುಡದ ಚರ್ಮದಿಂದ 6 ಮಿಲಿಮೀಟರ್ ಮುಂದೆ ಇದ್ದರೆ ಅದು ಹೊರಗೆ ಬಂದು ಎರಡು ತಿಂಗಳು. ಚರ್ಮದ ಒಳಗಿಂದ ಹೊರಗೆ ಬರಲು ಸುಮಾರು ಒಂದು ತಿಂಗಳು. ಹಾಗಾದರೆ ಮೂರು ತಿಂಗಳ ಹಿಂದೆ ಏನಾಗಿತ್ತು? ಮುಂಬೈಯಲ್ಲಿ ನವೆಂಬರ್, ಡಿಸೆಂಬರ್‌ನಲ್ಲಿ ಇಂಥ ಹಳ್ಳದೊಂದಿಗೆ ಬರುವವರನ್ನು ಕೇಳಿದರೆ ಎಷ್ಟೋ ಸಲ ಮಳೆಗಾಲದ ಡೆಂಗ್ಯೂ ನೆನಪಾಗುತ್ತದೆ. ಇದಕ್ಕೆ ಔಷಧಿ ಬೇಡ, ಬೆಳೆದು ಹೋಗುತ್ತದೆ. ಮಕ್ಕಳಿಗೆ ಕೈ ಕಾಲು ಬಾಯಿ ರೋಗ ಬಂದು ಒಂದೆರಡು ತಿಂಗಳ ಮೇಲೆ ಉಗುರೇ ಕಳಚಿ ಬರುವುದೂ ಇದೇ ಕಾರಣಕ್ಕೆ. ಹೊಸ ಉಗುರು ಬರುತ್ತದೆ, ಹೆದರಬೇಡಿ.

ಅಡ್ಡಗೆರೆ ಹೆಬ್ಬೆರಳಿನ ಮಧ್ಯದಲ್ಲಿ ಮಾತ್ರ, ಏಣಿಯ ಮೆಟ್ಟಿಲ ಹಾಗಿದ್ದರೆ ನಿಮ್ಮ ತೋರುಬೆರಳು ಗೊತ್ತಿಲ್ಲದೆ ಹೆಬ್ಬೆರಳ ಬುಡವನ್ನು ಉಜ್ಜುತ್ತಿರುತ್ತದೆ. ಆ ಜಾಗಕ್ಕೆ ಟೇಪ್ ಸುತ್ತಿ ಕೆಲವು ತಿಂಗಳು ಬಿಡಿ. ನೀರಲ್ಲಿ ಕೆಲಸ ಮಾಡುವವರಿಗೆ ಉಗುರುಸುತ್ತು ಹಳೆಯದಾದರೂ ಒಂದು ಬದಿಯಲ್ಲಿ ಅಡ್ಡ ಏರಿಳಿತ ಬರುತ್ತದೆ.

ಹಂತ 7: ಕಪ್ಪು ಗುರುತು

ಮೊದಲು ಅದು ಬಣ್ಣವೋ, ರಕ್ತವೋ, ಹೊರಗಿನ ಕಲೆಯೋ ತಿಳಿಯಿರಿ. ಮದರಂಗಿ, ಕೂದಲಿನ ಡೈ ಹತ್ತಿದ ಕಲೆ ಉಗುರಿನ ಮೇಲೆ ಅಗಲಕ್ಕೆ ಹಬ್ಬಿರುತ್ತದೆ. ಹೊಸ ಉಗುರು ಬಂದ ಹಾಗೆ ಬುಡದಲ್ಲಿ ಸ್ವಚ್ಛ ಕಮಾನು ಬಿಡುತ್ತದೆ. ಕೆರೆದರೂ ಸ್ವಲ್ಪ ಹೋಗುತ್ತದೆ. ಪೆಟ್ಟಿನ ರಕ್ತ ಕೆಂಪು ಮಿಶ್ರಿತ ಕಪ್ಪು, ಅಂಚು ಗುಂಡಗೆ, ಉಗುರಿನ ಜೊತೆ ಮುಂದೆ ಹೋಗುತ್ತದೆ. ಅನುಮಾನ ಇದ್ದರೆ ಕಪ್ಪಿನ ಹಿಂದಿನ ಅಂಚಿನಿಂದ ಬುಡದ ಚರ್ಮಕ್ಕೆ ಎಷ್ಟು ದೂರ ಅಂತ ಸ್ಕೇಲ್ ಇಟ್ಟು ಅಳೆದು ಫೋಟೋ ತೆಗೆಯಿರಿ. ನಾಲ್ಕು ವಾರ ಬಿಟ್ಟು ಮತ್ತೆ ಅಳೆಯಿರಿ. ಕೈಯಲ್ಲಿ ದೂರ ಸುಮಾರು 3 ಮಿಲಿಮೀಟರ್, ಕಾಲಲ್ಲಿ 1 ಮಿಲಿಮೀಟರ್ ಹೆಚ್ಚಿರಬೇಕು. ಹೆಚ್ಚದಿದ್ದರೆ, ಅಥವಾ ಪೆಟ್ಟೇ ಇಲ್ಲದೆ ಅದೇ ಜಾಗದಲ್ಲಿ ಮತ್ತೆ ಮತ್ತೆ ರಕ್ತ ಕಂಡರೆ ತೋರಿಸಿ. ಮುಂದೆ ಹೇಳುವ ಗುರುತುಗಳಲ್ಲಿ ಯಾವುದಾದರೂ ಇದ್ದರೆ ಈ ನಾಲ್ಕು ವಾರವೂ ಕಾಯಬೇಡಿ.

ಬುಡದಿಂದ ತುದಿವರೆಗೆ ಹೋಗುವ ಕಂದು ಪಟ್ಟಿ ಅಂದರೆ ಬೇರಿನಲ್ಲಿ ಬಣ್ಣದ ಕಣಗಳು ಕೆಲಸ ಮಾಡುತ್ತಿವೆ ಅಂತ. ನಮ್ಮ ಮೈಬಣ್ಣದವರಿಗೆ ವಯಸ್ಸಾದ ಹಾಗೆ ಹಲವು ಬೆರಳಿನಲ್ಲಿ ತಿಳಿ ಕಂದು, ಸಮ ಅಂಚಿನ, ಕಿರಿದಾದ ಪಟ್ಟಿ ಬರುವುದು ಸಹಜ. ಬಸುರಿನಲ್ಲಿ ಬರಬಹುದು. ಕೀಮೋ ಔಷಧಿಗಳಿಂದ, ಕೆಲವು ಎಚ್‌ಐವಿ ಮಾತ್ರೆಗಳಿಂದ ಬರಬಹುದು. ಪೂರ್ತಿ ಸಸ್ಯಾಹಾರಿಗಳಲ್ಲಿ ಹಲವು ಉಗುರು ಕಪ್ಪಾಗಿ, ಬೆರಳಿನ ಗೆಣ್ಣುಗಳೂ ಕಪ್ಪಾದರೆ ಬಿ12 ಪರೀಕ್ಷೆ ಮಾಡಿಸಿ, ಕಡಿಮೆಯಿದ್ದು ಚುಚ್ಚುಮದ್ದು ಕೊಟ್ಟರೆ ಬಣ್ಣ ನಿಧಾನವಾಗಿ ಇಳಿಯುತ್ತದೆ. ಇದರ ಜೊತೆ ವಸಡು ಕಪ್ಪಾಗಿ, ಸುಸ್ತು, ತೂಕ ಇಳಿಯುವುದು, ನಿಂತರೆ ತಲೆ ಸುತ್ತುವುದು ಇದ್ದರೆ ಅಡ್ರಿನಲ್ ಗ್ರಂಥಿಯ ಕಾಯಿಲೆ ಇದೆಯಾ ಅಂತ ನೋಡಬೇಕಾಗುತ್ತದೆ.

ನಾವು ಹೆದರುವುದು ಒಂದೇ ಬೆರಳಿನಲ್ಲಿ, ದೊಡ್ಡವರಲ್ಲಿ, ಹೊಸದಾಗಿ ಬಂದ ಪಟ್ಟಿಗೆ. ಅದರಲ್ಲೂ ಕೈ ಹೆಬ್ಬೆರಳು, ತೋರುಬೆರಳು, ಕಾಲಿನ ಹೆಬ್ಬೆರಳು. ಪಟ್ಟಿ 3 ಮಿಲಿಮೀಟರಿಗಿಂತ ಅಗಲ ಆಗಿದೆಯಾ, ಬುಡದಲ್ಲಿ ಅಗಲ ತುದಿಯಲ್ಲಿ ಕಿರಿದಾಗಿ ತ್ರಿಕೋನದ ಹಾಗಿದೆಯಾ, ಒಳಗೆ ತಿಳಿ ಕಂದು ಕಡು ಕಪ್ಪು ಬೆರೆತಿದೆಯಾ, ಅಂಚು ಕದಡಿದೆಯಾ, ಅಲ್ಲಿ ಉಗುರು ಸೀಳಿದೆಯಾ ನೋಡಿ. ಕಪ್ಪು ಉಗುರು ದಾಟಿ ಬುಡದ ಚರ್ಮಕ್ಕೋ ಪಕ್ಕದ ಚರ್ಮಕ್ಕೋ ಹತ್ತಿದ್ದರೆ ಒಂದು ವಾರವೂ ಬಿಡಬೇಡಿ. ಇದು ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ಇರಬಹುದು. ನಮ್ಮಲ್ಲಿ ಇದು ಅಪರೂಪ. ಆದರೆ ಕಪ್ಪು ಮೈಯವರಿಗೆ ಮೆಲನೋಮ ಬಂದರೆ ಹೆಚ್ಚಾಗಿ ಅಂಗೈ, ಅಂಗಾಲು, ಉಗುರಿನ ಕೆಳಗೇ ಬರುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಗೊತ್ತಾದದ್ದು ಕಾಲ್ಬೆರಳ ಉಗುರಿನ ಕೆಳಗಿನ ಮೆಲನೋಮ. 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ. ಇನ್ನೊಂದು ಎಚ್ಚರಿಕೆ: ಕೆಲವು ಮೆಲನೋಮಕ್ಕೆ ಬಣ್ಣವೇ ಇರುವುದಿಲ್ಲ. ಉಗುರುಸುತ್ತು ಅಂತ ಔಷಧಿ ಮಾಡಿದರೂ ವಾಸಿಯಾಗದೆ ಕೆಂಪು ಮಾಂಸ ಬೆಳೆದು ರಕ್ತ ಒಸರುತ್ತಿದ್ದರೆ ತೋರಿಸಿ.

ಠಾಣೆಯ ಒಬ್ಬ ಅಮ್ಮ, 58 ವರ್ಷ, ಮೊಣಕೈ ತುರಿಕೆಗೆ ಬಂದಿದ್ದರು. ಬಲ ಹೆಬ್ಬೆರಳಿನಲ್ಲಿ ಕಂದು ಪಟ್ಟಿ ಕಂಡಿತು. "ಅದು ಬಾಗಿಲಿಗೆ ಸಿಕ್ಕಿದ್ದು, ಯಾವಾಗಿಂದಲೋ ಉಂಟು" ಅಂದರು. ಬಾಗಿಲಿಗೆ ಸಿಕ್ಕಿದ್ದಾದರೆ ಇಷ್ಟು ಹೊತ್ತಿಗೆ ಬೆಳೆದು ಹೋಗಬೇಕಿತ್ತಲ್ಲ. ಮಗಳ ಮದುವೆಯ ಮದರಂಗಿ ಫೋಟೋ ಮೊಬೈಲ್‌ನಲ್ಲಿತ್ತು, ಎರಡು ವರ್ಷ ಹಳೆಯದು. ದೊಡ್ಡದು ಮಾಡಿ ನೋಡಿದೆವು. ಆಗ ಪೆನ್ಸಿಲ್ ಗೆರೆಯಷ್ಟು, ಈಗ 4 ಮಿಲಿಮೀಟರ್, ಬುಡದಲ್ಲಿ ಇನ್ನೂ ಅಗಲ. ಡರ್ಮೋಸ್ಕೋಪ್ ಅನ್ನುವ ಬೆಳಕಿನ ಭೂತಗನ್ನಡಿ ಇಟ್ಟು ನೋಡಿದರೆ ಗೆರೆಗಳ ನಡುವಿನ ಅಂತರ ಒಂದೊಂದು ಕಡೆ ಒಂದೊಂದು ತರ.

ಬಯಾಪ್ಸಿ ಮಾಡಿಸಿದೆವು. ಬೆರಳ ಬುಡಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಉಗುರನ್ನು ಸ್ವಲ್ಪ ಎತ್ತಿ, ಬೇರಿನಲ್ಲಿ ಕಪ್ಪು ಎಲ್ಲಿ ಶುರುವಾಗಿದೆಯೋ ಅಲ್ಲಿಂದ ಚೂರು ತೆಗೆಯಬೇಕು. ಉಗುರಿನ ತುದಿ ಮಾತ್ರ ಕತ್ತರಿಸಿ ಲ್ಯಾಬ್‌ಗೆ ಕೊಟ್ಟು 'ಏನಿಲ್ಲ' ಅಂತ ರಿಪೋರ್ಟ್ ತಂದರೆ ಅದನ್ನು ನಂಬಿ ಸುಮ್ನೆ ಇರಬೇಡಿ. ಅವರದು ಮೆಲನೋಮವೇ. ಆದರೆ ಇನ್ನೂ ಚರ್ಮದ ಮೇಲ್ಪದರ ದಾಟಿ ಒಳಗೆ ಹೋಗಿರಲಿಲ್ಲ. ಹಾಗಾಗಿ ಬೆರಳು ತೆಗೆಯಬೇಕಾಗಲಿಲ್ಲ. ಉಗುರು, ಅದರ ಬೇರು, ಕೆಳಗಿನ ಚರ್ಮ ತೆಗೆದು ಬೇರೆ ಕಡೆಯ ಚರ್ಮ ಕಸಿ ಮಾಡಿದರು.

ಹಂತ 8: ಎಲ್ಲಿ ತೋರಿಸಬೇಕು, ಏನು ತಗೊಂಡು ಹೋಗಬೇಕು

ಮುಂಬೈಯಲ್ಲಿ ಪರೇಲ್‌ನ ಕೆಇಎಂ, ಸಯನ್, ನಾಯರ್ ಈ ಮೂರೂ ಪಾಲಿಕೆ ಆಸ್ಪತ್ರೆಗಳಲ್ಲಿ ಚರ್ಮ ವಿಭಾಗ ಇದೆ. ಬೋರ್ಡಿನಲ್ಲಿ ಮರಾಠಿಯಲ್ಲಿ 'ತ್ವಚಾರೋಗ' ಅಂತ ಬರೆದಿರುತ್ತದೆ. ಪುಣೆಯವರಿಗೆ ಸಸೂನ್, ಗೋವಾದವರಿಗೆ ಬಾಂಬೋಳಿಯ ಮೆಡಿಕಲ್ ಕಾಲೇಜು. ಉಗುರಿಗೆ ಮರಾಠಿಯಲ್ಲಿ 'ನಖ', ಗುಳಿಗೆ 'ಖಡ್ಡೇ' ಅಂದರೆ ಸಾಕು, ಅರ್ಥವಾಗುತ್ತದೆ.

ಕೈಕಾಲು ಎರಡರ ಉಗುರು ಬಣ್ಣವನ್ನೂ ತೆಗೆದು ಹೋಗಿ. ತಿಂದ, ಹಚ್ಚಿದ ಎಲ್ಲ ಔಷಧಿಗಳ ಖಾಲಿ ಪಟ್ಟಿ, ಟ್ಯೂಬ್ ತಗೊಂಡು ಹೋಗಿ. ನಮ್ಮ ಭಟ್ಟರ ಆ ಪ್ಲಾಸ್ಟಿಕ್ ಚೀಲ ನನಗೆ ಅರ್ಧ ಕೆಲಸ ಮಾಡಿಕೊಟ್ಟಿತ್ತು. ಹಂತ ಎರಡರಲ್ಲಿ ಬರೆದ ಚೀಟಿ, ಸ್ಕೇಲ್ ಇಟ್ಟು ತೆಗೆದ ಫೋಟೋ, ಕೈ ಕಾಣುವ ಹಳೇ ಮದುವೆ ಮುಂಜಿಯ ಫೋಟೋ ಇದ್ದರೆ ಅದೂ ಇರಲಿ.